ರೂಮ್ ಟೋನ್: ಸೆಟ್‌ನಲ್ಲಿ ಹಿಡಿದದ್ದೋ, ಮಾತಿನ ಸಂದಿಯಿಂದ ಕಿತ್ತದ್ದೋ, ಲೈಬ್ರರಿಯದ್ದೋ?

ರೂಮ್ ಟೋನ್ ಅಂದರೆ ಯಾರೂ ಮಾತಾಡದಿದ್ದಾಗಲೂ ಕೋಣೆಯಲ್ಲಿ ಉಳಿಯುವ ಸಣ್ಣ ಸದ್ದು. ಮಾತೇ ಜಾಸ್ತಿ ಇರುವ ಕಿರುಚಿತ್ರಕ್ಕೆ ನನ್ನ ಓಟು ಸೆಟ್‌ನಲ್ಲೇ ರೆಕಾರ್ಡ್ ಮಾಡಿದ ರೂಮ್ ಟೋನ್‌ಗೆ. ಮೂರನ್ನೂ ಒಂದೇ ದೃಶ್ಯಕ್ಕೆ ಹಾಕಿ ನೋಡಿದ್ದೇನೆ.

ಅಡುಗೆಮನೆಯ ಮೇಜಿಗೆ ಎದುರುಬದುರು ಕೂತ ಅಕ್ಕ ತಂಗಿ, ನಾಲ್ಕು ನಿಮಿಷದ ಮಾತು. ಅಕ್ಕನ ಕ್ಲೋಸಪ್‌ಗೆ ಬೂಮ್ ಮೈಕ್ ಕಿಟಕಿ ಕಡೆ ತಿರುಗಿತ್ತು, ತಂಗಿಯದಕ್ಕೆ ಫ್ರಿಜ್ ಕಡೆ. ಫ್ರಿಜ್ ಆಫ್ ಮಾಡಲು ಮರೆತಿದ್ದೆವು. ಶೂಟಿಂಗ್‌ನಲ್ಲಿ ಯಾರ ಕಿವಿಗೂ ಅದು ಬೀಳಲಿಲ್ಲ. ಎಡಿಟ್‌ಗೆ ಕೂತರೆ, ಅಕ್ಕನ ಶಾಟ್‌ನಲ್ಲಿ ನಿಶ್ಶಬ್ದ, ತಂಗಿಯದಕ್ಕೆ ಕಟ್ ಆದ ತಕ್ಷಣ 'ಗುಂಯ್'. ಪ್ರತಿ ಕಟ್ಟೂ ಕಿವಿಗೆ ಚುಚ್ಚುತ್ತಿತ್ತು.

ಮೊದಲು ರೆಡಿಮೇಡ್ ಸದ್ದುಗಳ ಲೈಬ್ರರಿಯಿಂದ ಟೋನ್ ಹಾಕಿದೆ. ಅದು ಬೇರೆ ಯಾವುದೋ ಕೋಣೆಯದು, ಅಲ್ವಾ? ಗುಂಯ್ ಮುಚ್ಚುವಷ್ಟು ಏರಿಸಿದರೆ ತಂಗಿಯ ಮೆಲುಮಾತೂ ಮುಳುಗಿತು.

ಆಮೇಲೆ ಮಾತಿನ ಸಂದಿಯಿಂದ ಕಿತ್ತೆ. ಕೋಣೆ ಅದೇ, ಮೈಕ್ ಅದೇ, ಹಾಗಾಗಿ ಸದ್ದಿನ ಬಣ್ಣ ಸರಿಯಾಗಿ ಹೊಂದಿತು. ಆದರೆ ಉಸಿರು, ಕುರ್ಚಿಯ ಕಿರಕ್ ಇಲ್ಲದ ಜಾಗ ಒಂದೂವರೆ ಸೆಕೆಂಡ್ ಮಾತ್ರ ಸಿಕ್ಕಿತು. ಅದನ್ನೇ ಲೂಪ್ ಮಾಡಿದರೆ, ಅದರೊಳಗಿದ್ದ ಒಂದು ಸಣ್ಣ 'ಟಿಕ್' ಗಡಿಯಾರದ ಹಾಗೆ ಮರಳಿ ಮರಳಿ ಬಂತು. ಅರ್ಧ ಸೆಕೆಂಡಿನ ತೂತು ಮುಚ್ಚಲು ಈ ದಾರಿ ಸಾಕು, ಉದ್ದದ ಮೌನಕ್ಕೆ ಆಗುವುದಿಲ್ಲ.

ಕೊನೆಗೆ ಅದೇ ಮನೆಗೆ ವಾಪಸ್ ಹೋದೆವು. ಫ್ರಿಜ್ ಓಡುತ್ತಿರುವಾಗ ಅದೇ ಮೈಕ್, ಅದೇ ಗೇನ್, ತಂಗಿಯ ಶಾಟ್‌ನ ಅದೇ ಕೋನ. ಮೊದಲ ರೆಕಾರ್ಡಿಂಗ್ ಸ್ವಲ್ಪ ಟೊಳ್ಳಾಗಿ ಕೇಳಿಸಿತು, ಏಕೆಂದರೆ ಶೂಟಿಂಗ್ ದಿನ ಒಳಗಿದ್ದ ಜನ ಈಗ ಇರಲಿಲ್ಲ. ಮೈಯೂ ಬಟ್ಟೆಯೂ ಸದ್ದು ಹೀರುತ್ತವೆ. ಐದು ಜನರನ್ನು ಸುಮ್ನೆ ನಿಲ್ಲಿಸಿ ಇನ್ನೊಂದು ನಿಮಿಷ ಹಿಡಿದಾಗ ಹೊಂದಿತು. ಆ ಟೋನ್ ಅನ್ನು ಅಕ್ಕನ ಶಾಟ್‌ಗಳ ಅಡಿಗೂ ಹಾಸಿದೆ. ಗುಂಯ್ ಹೋಗಲಿಲ್ಲ, ಆದರೆ ದೃಶ್ಯದುದ್ದಕ್ಕೂ ಒಂದೇ ಸಮ ಇದ್ದುದರಿಂದ ಕಟ್ ಕೇಳಿಸುವುದು ನಿಂತಿತು.

ಕಿಟಕಿಯಾಚೆಯ ರಸ್ತೆ, ಹಕ್ಕಿಯ ಆಂಬಿಯನ್ಸ್‌ಗೆ ಲೈಬ್ರರಿ ನಡೆಯುತ್ತದೆ, ದೃಶ್ಯದ ಪೂರ್ತಿ ತುಂಡಾಗದೆ ಓಡಿದರೆ ಆಯಿತು. ಫೋಲಿ, ಅಂದರೆ ದೃಶ್ಯ ನೋಡಿಕೊಂಡು ಆಮೇಲೆ ಸದ್ದು ಮಾಡಿ ಹಿಡಿಯುವುದು, ನಾನು ಲೋಟ ಇಡುವ ಸದ್ದಿಗೂ ಸೆರಗಿನ ಸರಬರಕ್ಕೂ ಮಾತ್ರ ಮಾಡಿದೆ. ಮೈಕ್ ತೀರಾ ಹತ್ತಿರ ಇಟ್ಟರೆ ಮೇಲೆ ಅಂಟಿಸಿದ ಹಾಗಿರುತ್ತದೆ, ಬೂಮ್ ಇದ್ದಷ್ಟೇ ದೂರ ಇಡಿ.

ನನ್ನ ಹತ್ತಿರ ಇರುವುದು ಒಂದು ಮೈಕ್, ಒಂದು ರೆಕಾರ್ಡರ್. ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಬದಲು ಈಗ ಸೌಂಡ್ ಪ್ಲಾನ್‌ನಲ್ಲಿ ಪ್ರತಿ ಕೋನದ ಮುಂದೆ 'ಟೋನ್, 60 ಸೆಕೆಂಡ್' ಎಂದು ಬರೆಯುತ್ತೇನೆ. ಲೈಟ್ ಆರಿಸುವ ಮುಂಚೆ, ಜನ ಏಳುವ ಮುಂಚೆ ಅದು ಮುಗಿಯಬೇಕು. ಫ್ರಿಜ್ ಆಫ್ ಮಾಡಿ ಗಾಡಿ ಕೀ ಅದರೊಳಗೇ ಇಡುತ್ತೇನೆ. ಹೊರಡುವಾಗ ಕೀ ತೆಗೆಯಲು ಹೋದರೆ ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ.