ಎಕೋದಲ್ಲಿ ‘ಪಂಪಿಂಗ್ ನಾರ್ಮಲ್’ ಅಂದ್ರೂ ಏದುಸಿರು ಹೋಗ್ತಿಲ್ವಾ? ರಿಪೋರ್ಟ್ ಕೊನೇ ಸಾಲುಗಳನ್ನೂ ಓದಿಸ್ರಿ

ನಮ್ಮ ಅಕ್ಕಂಗೆ ಆಗಿದ್ದು ಇನ್ನೊಬ್ರ ಮನೇಲಿ ಆಗಬಾರ್ದು ಅಂತ ಬರಿತಿದೀನಿ. ಕಾರಣ ಗೊತ್ತಾಗ್ದೆ ದಮ್ಮು ಬರೋರು ಮನೇಲಿದ್ರೆ ಪೂರ್ತಿ ಓದ್ರಿ.

ಅಕ್ಕಂಗೆ ಇನ್ನೂ ನಲವತ್ತೂ ಆಗಿಲ್ಲ, ದಾವಣಗೆರೆ ನಿಟ್ಟುವಳ್ಳೀಲಿ ಎರಡನೇ ಮಹಡಿ ಮೇಲೆ ಮನೆ. ಮೊದಮೊದಲು ಮೆಟ್ಟಿಲು ಹತ್ತುವಾಗ ಮಾತ್ರ ಏದುಸಿರು, ಆಮೇಲೆ ನೆಲ ಒರೆಸೋಕೆ ಬಗ್ಗಿದ್ರೂ ಉಸಿರು ಸಿಗ್ತಿರ್ಲಿಲ್ಲ. ಒಬ್ರು ರಕ್ತ ಕಮ್ಮಿ ಅಂತ ಐರನ್ ಮಾತ್ರೆ ಬರ್ಕೊಟ್ರು, ಇನ್ನೊಬ್ರು ಅಸ್ತಮಾ ಅಂದು ಇನ್ಹೇಲರ್ ಕೊಟ್ರು, ಮತ್ತೊಬ್ರು ಟೆನ್ಷನ್ ಬಿಡಮ್ಮ ಅಂದ್ರು. ಇನ್ಹೇಲರ್ ಎಳ್ಕಂಡ್ರೂ ಚೂರೂ ವ್ಯತ್ಯಾಸ ಇಲ್ಲ, ಎದೇಲಿ ಸುಯ್ಯ್ ಅನ್ನೋ ಸೌಂಡೂ ಇಲ್ಲ, ಎಕ್ಸ್‌ರೇಲಿ ಶ್ವಾಸಕೋಶ ಕ್ಲಿಯರ್. ಹಂಗಿದ್ಮೇಲೆ ಅಸ್ತಮಾ ಹೆಂಗಾಗುತ್ತೆ ಅಂತ ಆಗ್ಲೇ ಯಾರಾದ್ರೂ ಯೋಚನೆ ಮಾಡಬೇಕಿತ್ತು.

ಕೊನೆಗೆ ಒಂದು ಕಡೆ ಎಕೋ ಮಾಡಿಸಿದ್ವಿ. ಡಾಕ್ಟ್ರು ರಿಪೋರ್ಟ್ ಮೇಲೆ ಕಣ್ಣಾಡಿಸಿ ‘ಪಂಪಿಂಗ್ 60 ಪರ್ಸೆಂಟ್ ಇದೆ, ಹಾರ್ಟ್ ನಾರ್ಮಲ್’ ಅಂದು ಕಳ್ಸಿದ್ರು. ಆದ್ರೆ ಆ 60 ಪರ್ಸೆಂಟ್ ಹೃದಯದ ಎಡಭಾಗದ ಲೆಕ್ಕ ಮಾತ್ರ. ಅದೇ ಹಾಳೆ ಕೆಳಗಡೆ ಬಲಭಾಗದ ವಿಷಯ ಇತ್ತು: ಬಲಗಡೆ ಕೋಣೆಗಳು ದೊಡ್ಡದಾಗ್ಯಾವೆ, ಮೈಲ್ಡ್ ಟಿಆರ್, ಅದರ ವೇಗ ಸೆಕೆಂಡಿಗೆ 3.8 ಮೀಟರ್, ಟ್ಯಾಪ್ಸಿ 14 ಮಿಲಿಮೀಟರ್.

ತಿಂಗಳುಗಟ್ಲೆ ಆದ್ಮೇಲೆ ಅಕ್ಕ ತರಕಾರಿ ಚೀಲ ಹಿಡ್ಕಂಡು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ಲು, ಕಾಲೂ ಊದ್ಕಂಡಿದ್ವು. ಬೇರೆ ಕಾರ್ಡಿಯಾಲಜಿಸ್ಟ್ ಹತ್ರ ಹೋದ್ವಿ. ಅವರು ಹೊಸ ಎಕೋಗಿಂತ ಮೊದ್ಲು ಆ ಹಳೇ ರಿಪೋರ್ಟನ್ನೇ ಇಸ್ಕಂಡು ಪೆನ್ನಲ್ಲಿ ಗೆರೆ ಎಳೆದು ತೋರಿಸಿದ್ರು. ಟಿಆರ್ ಅಂದ್ರೆ ಬಲಗಡೆ ಕವಾಟದಲ್ಲಿ ರಕ್ತ ಹಿಂದಕ್ಕೆ ಲೀಕ್ ಆಗೋದು. ‘ಮೈಲ್ಡ್’ ಅಂದ್ರೆ ಲೀಕ್ ಆಗೋ ರಕ್ತ ಕಮ್ಮಿ ಅಂತ ಅಷ್ಟೇ, ಒತ್ತಡ ಕಮ್ಮಿ ಅಂತ ಅಲ್ಲ. ಒತ್ತಡ ಗೊತ್ತಾಗೋದು ಆ ಲೀಕ್ ಎಷ್ಟು ಜೋರಾಗಿ ಚಿಮ್ಮುತ್ತೆ ಅನ್ನೋದ್ರಿಂದ. 3.8ನ್ನ 3.8ರಿಂದ ಗುಣಿಸಿ 4ರಿಂದ ಗುಣಿಸಿದ್ರೆ ಹತ್ತಿರ ಹತ್ತಿರ 58, ಅದಕ್ಕೆ ಮೇಲಿನ ಕೋಣೆಯ ಒತ್ತಡ ಅಂದಾಜು 8 ಸೇರಿಸಿದ್ರೆ 66. ಸಾಮಾನ್ಯವಾಗಿ ಇದು 35ರ ಒಳಗಿರುತ್ತೆ. ವೇಗ 2.8 ದಾಟಿದ್ರೇನೇ ಅನುಮಾನ ಪಡಬೇಕು, 3.4 ದಾಟಿದ್ರೆ ಪಲ್ಮನರಿ ಹೈಪರ್‌ಟೆನ್ಷನ್, ಅಂದ್ರೆ ಶ್ವಾಸಕೋಶಕ್ಕೆ ಹೋಗೋ ರಕ್ತನಾಳದಲ್ಲಿ ಬಿಪಿ, ಇರೋ ಸಾಧ್ಯತೆ ತುಂಬಾ ಜಾಸ್ತಿ ಅಂದ್ರು. ತೋಳಿಗೆ ಪಟ್ಟಿ ಕಟ್ಟಿ ನೋಡೋ ಬಿಪೀಲಿ ಇದು ಗೊತ್ತೇ ಆಗಲ್ಲ, ಅಕ್ಕಂದು ಆ ಬಿಪಿ ಯಾವಾಗ್ಲೂ ಸರಿಯಾಗೇ ಇತ್ತು.

ಬಲಗಡೆ ಹೃದಯದ ಗೋಡೆ ತೆಳು, ಕಮ್ಮಿ ಒತ್ತಡಕ್ಕೆ ಮಾಡಿಟ್ಟಿದ್ದು. ಗೇಟ್‌ವಾಲ್ ಅರ್ಧ ಮುಚ್ಚಿ ಬೋರ್ ಮೋಟರ್ ಓಡಿಸಿದಂಗೆ, ದಿನಾ ಎದುರೊತ್ತಡಕ್ಕೆ ತಳ್ಳಿ ತಳ್ಳಿ ಅದು ಮೊದ್ಲು ದಪ್ಪ ಆಗುತ್ತೆ, ಆಮೇಲೆ ಹಿಗ್ಗುತ್ತೆ, ಹಿಗ್ಗಿ ನಡುಗೋಡೆಯನ್ನ ಎಡಗಡೆಗೆ ಒತ್ತುತ್ತೆ. ಹೊಸ ಎಕೋ ಸ್ಕ್ರೀನಲ್ಲಿ ನಾನೇ ನೋಡ್ದೆ, ದುಂಡಗೆ ಕಾಣಬೇಕಾದ ಎಡಕೋಣೆ ಒಂದ್ಕಡೆ ಚಪ್ಪಟೆ ಆಗಿ ಅರ್ಧಚಂದ್ರದ ತರ ಆಗಿತ್ತು. ಟ್ಯಾಪ್ಸಿ ಅಂದ್ರೆ ಬಲಗಡೆ ಪಂಪ್ ಹೊಡೀವಾಗ ಎಷ್ಟು ಅಲ್ಲಾಡುತ್ತೆ ಅನ್ನೋ ಅಳತೆ, 17ಕ್ಕಿಂತ ಕಮ್ಮಿ ಇದ್ರೆ ಅದು ಸೋಲ್ತಿದೆ ಅಂತ.

ಆಮೇಲೆ ಅವರು ‘ಕಾಲಿಗೆ ಏನಾದ್ರೂ ಆಗಿತ್ತೇನಮ್ಮ?’ ಅಂತ ಕೇಳಿದ್ರು. ಈ ಏದುಸಿರು ಶುರುವಾಗೋಕಿಂತ ಮೊದ್ಲು ಸ್ಕೂಟಿಯಿಂದ ಬಿದ್ದು ಅಕ್ಕ ಕಾಲಿಗೆ ಪ್ಲಾಸ್ಟರ್ ಹಾಕ್ಕಂಡು ಮಲಗಿದ್ಲು, ಅದೇ ಕಾಲು ಊದಿತ್ತು ಕೂಡ. ಆಗ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಕರಗದೆ ಗಾಯದ ಕಲೆ ತರ ನಾಳಕ್ಕೆ ಅಂಟ್ಕಂಡಿರಬಹುದು ಅಂದು ಬೆಂಗಳೂರಿಗೆ ವಿಕ್ಯೂ ಸ್ಕ್ಯಾನಿಗೆ ಬರ್ದ್ರು, ಶ್ವಾಸಕೋಶದಲ್ಲಿ ಗಾಳಿ ಎಲ್ಲಿ ಹೋಗುತ್ತೆ, ರಕ್ತ ಎಲ್ಲಿ ಹೋಗುತ್ತೆ ಅಂತ ತೋರ್ಸೋ ಸ್ಕ್ಯಾನ್ ಅದು. ಸ್ಕ್ಯಾನಲ್ಲಿ ಗಾಳಿ ಎಲ್ಲಾ ಕಡೆ ಹೋಗ್ತಿದೆ, ರಕ್ತ ಮಾತ್ರ ಕೆಲವು ಭಾಗಕ್ಕೆ ಹೋಗ್ತಾನೇ ಇಲ್ಲ. ಮಾಮೂಲಿ ಸಿಟಿ ಸ್ಕ್ಯಾನಲ್ಲಿ ಹಳೇ ಹೆಪ್ಪು ತಪ್ಪಿಹೋಗಬಹುದು, ಅದಕ್ಕೇ ಈ ಸ್ಕ್ಯಾನ್ ಬೇಕು. ಎಕೋ ನಂಬರ್ ಬರೀ ಅಂದಾಜು, ಹಂಗಾಗಿ ಬಲಗಡೆ ಹೃದಯಕ್ಕೆ ತೆಳು ನಳಿಕೆ ಹಾಕಿ ಒತ್ತಡ ನೇರವಾಗಿ ಅಳೆದು ಖಚಿತ ಮಾಡ್ಕಂಡ್ರು.

ಪಲ್ಮನರಿ ಹೈಪರ್‌ಟೆನ್ಷನ್‌ನಲ್ಲಿ ಆಪರೇಷನ್ ಮಾಡಿ ಗುಣ ಮಾಡಬಹುದಾದ ಬಗೆ ಇದು, ಎಲ್ರಿಗೂ ಆಗಲ್ಲ, ಹೆಪ್ಪು ಎಲ್ಲಿದೆ ಅನ್ನೋದ್ರ ಮೇಲೆ ಹೋಗುತ್ತೆ. ಅಕ್ಕಂಗೆ ಆಯ್ತು, ನಾಳದ ಒಳಪದರದ ಜೊತೆಗೇ ಹೆಪ್ಪನ್ನ ಬಿಡಿಸಿ ತೆಗೆದ್ರು. ರಕ್ತ ತೆಳು ಮಾಡೋ ಮಾತ್ರೆ ಮಾತ್ರ ಜೀವನಪೂರ್ತಿ.

ನಿಮ್ಮನೇಲಿ ಹಿಂಗಿದ್ರೆ ಡಾಕ್ಟ್ರನ್ನ ನೇರವಾಗಿ ಕೇಳ್ರಿ, ‘ಸಾರ್, ಬಲಗಡೆ ಹೆಂಗಿದೆ, ಟಿಆರ್ ವೇಗ ಎಷ್ಟು, ಟ್ಯಾಪ್ಸಿ ಎಷ್ಟು’ ಅಂತ. ಕೆಲವ್ರಿಗೆ ಲೀಕೇ ಸರಿಯಾಗಿ ಸಿಗಲ್ಲ, ಆಗ ಒತ್ತಡ ಬರೆದಿಲ್ಲ ಅಂದ್ರೆ ಒತ್ತಡ ಇಲ್ಲ ಅಂತ ಅಲ್ಲ, ಬಲಕೋಣೆ ಸೈಜ್ ಕೇಳ್ರಿ. ಕೂತಾಗ 96 ಇರೋ ಆಕ್ಸಿಜನ್ ನಡೆದಾಗ ಇಳಿಯುತ್ತಾ ಅಂತಾನೂ ನೋಡಿಸ್ರಿ, ಅಕ್ಕಂದು 86ಕ್ಕೆ ಇಳೀತಿತ್ತು. ಕಾಲಲ್ಲಿ ಹೆಪ್ಪು, ಪ್ಲಾಸ್ಟರ್, ದೊಡ್ಡ ಆಪರೇಷನ್ ಇಂಥದ್ದೇನಾದ್ರೂ ಹಿಂದೆ ಆಗಿದ್ರೆ ಅವರು ಕೇಳೋ ತನಕ ಕಾಯಬೇಡ್ರಿ, ನೀವೇ ಹೇಳ್ರಿ.