ಒಂದು ಸಿಲಿಂಡರ್‌ನಲ್ಲಿ ಎಷ್ಟು ಮೆಗಾಜೌಲ್? ಗ್ಯಾಸ್, ಇಂಡಕ್ಷನ್, ಸೌದೆಗಳ ಹೋಲಿಕೆ

ಗ್ಯಾಸನ್ನು ಕಿಲೋಗ್ರಾಂ ಲೆಕ್ಕದಲ್ಲಿ, ವಿದ್ಯುತ್ತನ್ನು ಯೂನಿಟ್ ಲೆಕ್ಕದಲ್ಲಿ, ಸೌದೆಯನ್ನು ಹೊರೆ ಅಥವಾ ಕಿಲೋ ಲೆಕ್ಕದಲ್ಲಿ ಕೊಳ್ಳುವುದರಿಂದ, ಅಡುಗೆಗೆ ಇವುಗಳಲ್ಲಿ ಯಾವುದು ಅಗ್ಗವೆಂದು ಬೆಲೆಯನ್ನು ನೋಡಿ ಹೇಳಲಾಗದು. ಮೂರನ್ನೂ ಶಕ್ತಿಯ ಅಳತೆಯಾದ ಮೆಗಾಜೌಲ್‌ಗೆ ಇಳಿಸಿದರೆ ಮಾತ್ರ ಅವು ಒಂದೇ ತಕ್ಕಡಿಗೆ ಬರುತ್ತವೆ.

ಮನೆಬಳಕೆಯ ಸಿಲಿಂಡರ್‌ನಲ್ಲಿ ತುಂಬುವ ಗ್ಯಾಸ್ 14.2 ಕಿಲೋ. ಖಾಲಿ ಸಿಲಿಂಡರ್‌ನ ತೂಕವನ್ನು ಅದರ ಮೇಲ್ಭಾಗದ ಪಟ್ಟಿಯ ಮೇಲೆ ಬರೆದಿರುತ್ತಾರೆ. ಸಾಮಾನ್ಯವಾಗಿ 15ರಿಂದ 16 ಕಿಲೋ ಇರುವ ಅದನ್ನು ಒಟ್ಟು ತೂಕದಿಂದ ಕಳೆದರೆ ಒಳಗಿರುವ ಗ್ಯಾಸಿನ ಪ್ರಮಾಣ ಸಿಗುತ್ತದೆ. ಒಂದು ಕಿಲೋ ಗ್ಯಾಸ್ ಉರಿದಾಗ ಸುಮಾರು 46 ಮೆಗಾಜೌಲ್ ಶಾಖ ಬರುತ್ತದೆ. ಹಾಗಾಗಿ ತುಂಬಿದ ಸಿಲಿಂಡರ್ ಎಂದರೆ 14.2 × 46, ಅಂದರೆ ಸುಮಾರು 653 ಮೆಗಾಜೌಲ್. ಒಂದು ಯೂನಿಟ್ ವಿದ್ಯುತ್ 3.6 ಮೆಗಾಜೌಲ್ ಆದ್ದರಿಂದ, ಇದು ಸುಮಾರು 181 ಯೂನಿಟ್‌ಗೆ ಸಮ.

ಕೆಲವು ಪಟ್ಟಿಗಳಲ್ಲಿ ಗ್ಯಾಸಿಗೆ 46ರ ಬದಲು 49 ಅಥವಾ 50 ಎಂದು ಇರುತ್ತದೆ, ಅದೂ ತಪ್ಪಲ್ಲ. ಗ್ಯಾಸ್ ಉರಿದಾಗ ಹುಟ್ಟುವ ನೀರಾವಿಯನ್ನು ಮತ್ತೆ ನೀರಾಗಿಸಿ ಅದರ ಶಾಖವನ್ನೂ ಹಿಡಿದರೆ ಸಿಗುವ ಒಟ್ಟು ಉಷ್ಣಮೌಲ್ಯ ಅದು. ಅಡುಗೆಮನೆಯಲ್ಲಿ ಆ ಆವಿ ಕಿಟಕಿಯಿಂದ ಹೊರಗೆ ಹೋಗುವುದರಿಂದ ನಮಗೆ ದಕ್ಕುವುದು ನಿವ್ವಳ ಮೌಲ್ಯ ಮಾತ್ರ. ಒಂದು ಇಂಧನಕ್ಕೆ ಒಟ್ಟು ಮೌಲ್ಯವನ್ನೂ ಇನ್ನೊಂದಕ್ಕೆ ನಿವ್ವಳವನ್ನೂ ಹಿಡಿದರೆ ಹೋಲಿಕೆ ಶೇ. 8ರಷ್ಟು ಸುಲಭವಾಗಿ ವಾಲುತ್ತದೆ. ಕೊಳವೆ ಗ್ಯಾಸಿನ ವಿಷಯದಲ್ಲಿ ಈ ಬೆರಕೆ ಹೆಚ್ಚಾಗಿ ಕಾಣುತ್ತದೆ.

ಇಂಧನದಲ್ಲಿರುವ ಶಾಖವೆಲ್ಲ ಪಾತ್ರೆಗೆ ಸೇರುವುದಿಲ್ಲವಾದ್ದರಿಂದ, ಒಲೆಯ ದಕ್ಷತೆಯನ್ನು ಅಳೆಯದೆ ಮುಂದೆ ಹೋಗಲಾಗದು. ಇದಕ್ಕಾಗಿ ಒಂದೇ ಸ್ಟೀಲ್ ಪಾತ್ರೆಯಲ್ಲಿ 5 ಲೀಟರ್ ನೀರನ್ನು ಮುಚ್ಚಳ ಮುಚ್ಚಿ 25 ಡಿಗ್ರಿಯಿಂದ 90 ಡಿಗ್ರಿಗೆ ಕಾಯಿಸಿದೆ. ಕುದಿಯುವವರೆಗೆ ಬಿಡಲಿಲ್ಲ, ಏಕೆಂದರೆ ಕುದಿಯತೊಡಗಿದ ನೀರು ಆವಿಯಾಗಿ ಹೋಗುತ್ತಾ ಲೆಕ್ಕವನ್ನು ಕೆಡಿಸುತ್ತದೆ; ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಂತೂ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ನೀರು ಪಡೆದ ಶಾಖ 5 × 4.186 × 65 ಕಿಲೋಜೌಲ್, ಅಂದರೆ 1.36 ಮೆಗಾಜೌಲ್.

ಸಿಲಿಂಡರನ್ನು ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದಾಗ ಇಳಿದ ಗ್ಯಾಸ್ 50 ಗ್ರಾಂ, ಅಂದರೆ 2.3 ಮೆಗಾಜೌಲ್, ದಕ್ಷತೆ ಶೇ. 59. ಒಲೆಗೆ ಭಾರತೀಯ ಮಾನಕ ಬಯಸುವ ಶೇ. 68ಕ್ಕಿಂತ ಇದು ಕಡಿಮೆಯಾದರೂ, ಮನೆಯ ಹಳೆಯ ಬರ್ನರ್‌ಗೆ ಅಸಹಜವೇನಲ್ಲ. ತಕ್ಕಡಿ 5 ಗ್ರಾಂಗಿಂತ ಸೂಕ್ಷ್ಮವಾಗಿ ತೋರಿಸದ ಕಾರಣ ಈ ಅಂಕಿಯಲ್ಲಿ ಐದಾರು ಅಂಶಗಳ ಏರುಪೇರು ಇರಬಹುದು. ಒಂದು ಲೀಟರ್ ನೀರಿನಲ್ಲಿ ಪ್ರಯೋಗ ಮಾಡಿದರೆ ಏರುಪೇರು ಅಂಕಿಯನ್ನೇ ನುಂಗಿಬಿಡುತ್ತದೆ. ಪ್ಲಗ್‌ಗೆ ಸಿಕ್ಕಿಸಿದ ಮೀಟರ್ ಪ್ರಕಾರ ಇಂಡಕ್ಷನ್ ಒಲೆ ಅದೇ ಕೆಲಸಕ್ಕೆ 0.45 ಯೂನಿಟ್, ಅಂದರೆ 1.62 ಮೆಗಾಜೌಲ್ ತೆಗೆದುಕೊಂಡಿತು, ದಕ್ಷತೆ ಶೇ. 84. ಊರಿನ ಮನೆಯ ಮಣ್ಣಿನ ಒಲೆಯಲ್ಲಿ, ಉಳಿದ ಕೆಂಡವನ್ನು ಕಳೆದು, ಮುಕ್ಕಾಲು ಕಿಲೋ ಒಣ ಸೌದೆ ಬೇಕಾಯಿತು. ಕಿಲೋಗೆ 15 ಮೆಗಾಜೌಲ್ ಎಂದು ಹಿಡಿದರೆ ದಕ್ಷತೆ ಶೇ. 12.

ಈಗ ಹಣದ ಮಾತು. ಸಿಲಿಂಡರಿಗೆ 855 ರೂಪಾಯಿ ಹಿಡಿದರೆ ಒಂದು ಮೆಗಾಜೌಲ್‌ಗೆ 1.31 ರೂಪಾಯಿ; ಆದರೆ ಪಾತ್ರೆಗೆ ಸೇರಿದ ಮೆಗಾಜೌಲ್‌ಗೆ 2.22 ರೂಪಾಯಿ. ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ ಆದರೆ ವಿದ್ಯುತ್ ಮೆಗಾಜೌಲ್‌ಗೆ 1.94 ರೂಪಾಯಿ, ಪಾತ್ರೆಗೆ ಸೇರಿದ್ದಕ್ಕೆ 2.31. ಮೊದಲು ಬಹಳ ದುಬಾರಿಯಾಗಿ ಕಂಡ ವಿದ್ಯುತ್, ದಕ್ಷತೆಯನ್ನು ಸೇರಿಸಿದೊಡನೆ ಗ್ಯಾಸಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಯೂನಿಟ್ ಬೆಲೆ ಸುಮಾರು 6.70 ರೂಪಾಯಿಗಿಂತ ಕಡಿಮೆಯಿದ್ದರೆ ಇಂಡಕ್ಷನ್ ಅಗ್ಗ, ಹೆಚ್ಚಿದ್ದರೆ ಗ್ಯಾಸ್. ಬಳಕೆಗೆ ತಕ್ಕಂತೆ ಏರದ ನಿಗದಿತ ಶುಲ್ಕವನ್ನು ಇಲ್ಲಿ ಸೇರಿಸಬಾರದು. ಕಿಲೋಗೆ 8 ರೂಪಾಯಿ ಕೊಟ್ಟು ಕೊಂಡ ಸೌದೆ ಪಾತ್ರೆಗೆ ಸೇರಿದ ಮೆಗಾಜೌಲ್‌ಗೆ 4.40 ರೂಪಾಯಿಗೂ ಮೀರುತ್ತದೆ. ತೋಟದಲ್ಲಿ ಬಿದ್ದ ಸೌದೆ ಇರುವವರಿಗೆ ಮಾತ್ರ ಅದು ಉಳಿತಾಯ.

ಗೃಹಜ್ಯೋತಿಯ ಫಲಾನುಭವಿಗಳಿಗೆ ಈ ಗಡಿರೇಖೆಯೇ ಬೇರೆ. ತಮಗೆ ನಿಗದಿಯಾದ ಉಚಿತ ಮಿತಿಯೊಳಗೆ ಉಳಿದಿರುವ ಯೂನಿಟ್‌ಗಳಲ್ಲಿ ಇಂಡಕ್ಷನ್ ಬಳಸಿದರೆ ಖರ್ಚೇ ಇಲ್ಲ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಅರ್ಧ ಸಿಲಿಂಡರ್‌ನಷ್ಟು ಅಡುಗೆಯನ್ನು ಇಂಡಕ್ಷನ್‌ಗೆ ವರ್ಗಾಯಿಸಿದರೆ ಸುಮಾರು 64 ಯೂನಿಟ್ ಹೆಚ್ಚುವುದರಿಂದ, ಈಗಾಗಲೇ 140 ಯೂನಿಟ್ ಬಳಸುವ ಮನೆಯವರು ಅಷ್ಟನ್ನು ಒಂದೇ ತಿಂಗಳಲ್ಲಿ ವರ್ಗಾಯಿಸದಿರುವುದು ಲೇಸು.