ಪೇಟೆಂಟ್ ಅರ್ಜಿಯ ಕ್ಲೇಮ್ ನಂಬರ್ ನೋಡದೆ ಸಹಿ ಹಾಕಬೇಡಿ

ಮೂಡಿಗೆರೆ ಕಡೆ ತೋಟ ಇರುವ ನಮ್ಮ ಭಾವ ಕಾಫಿ ಒಣಗಿಸುವ ಒಂದು ಯಂತ್ರ ಮಾಡಿಕೊಂಡಿದ್ದಾರೆ. ಪೇಟೆಂಟಿಗೆ ಹಾಕಲು ಒಬ್ಬ ಏಜೆಂಟರನ್ನು ಹಿಡಿದೆವು. ಅವರು ಬರೆದ ಮೊದಲ ಕರಡು ಚೆನ್ನಾಗಿಯೇ ಇತ್ತು. ಕ್ಲೇಮ್ ಅಂದರೆ ಯಾವುದರ ಮೇಲೆ ನಮಗೆ ಹಕ್ಕು ಬೇಕು ಅಂತ ಹೇಳುವ, ನಂಬರ್ ಹಾಕಿದ ವಾಕ್ಯ. 1ನೇ ಕ್ಲೇಮ್ ಸ್ವತಂತ್ರ: ಡ್ರಮ್, ಮೋಟರ್, ಬಿಸಿಗಾಳಿ ಕೊಳವೆ ಇರುವ ಯಂತ್ರ. 2ನೇದು, 1ರ ಯಂತ್ರದ ಡ್ರಮ್ಮಿಗೆ ತೂತುಗಳು. 3ನೇದು, 2ರಲ್ಲಿ ಹೇಳಿದ ತೂತುಗಳ ಅಗಲ 4 ಮಿ.ಮೀ. 4ನೇದು, 2ರ ಯಂತ್ರದ ಡ್ರಮ್ ಒಳಗೆ ಓರೆ ರೆಕ್ಕೆಗಳು. ಭಾವನ ನಿಜವಾದ ಕೈಚಳಕ ಇರೋದು ಆ ರೆಕ್ಕೆಗಳಲ್ಲೇ.

ಸಲ್ಲಿಸುವ ಹಿಂದಿನ ದಿನ ಏಜೆಂಟರು ತೇವಾಂಶದ ಸೆನ್ಸರ್ ಬಗ್ಗೆ ಹೊಸ ಕ್ಲೇಮ್ ಒಂದನ್ನು 2ನೇದಾಗಿ ತುರುಕಿದರು. ಉಳಿದವು ಒಂದೊಂದು ನಂಬರ್ ಕೆಳಗೆ ಜರುಗಿದವು. ಆದರೆ ಒಳಗಿನ 'ಕ್ಲೇಮ್ 2ರಂತೆ' ಅನ್ನೋ ಮಾತು ಹಾಗೇ ಉಳಿಯಿತು.

ಪೇಟೆಂಟ್ ಕಚೇರಿಯಿಂದ ಪರೀಕ್ಷಾ ವರದಿ ಬಂದಾಗ ಒಂದು ತಪ್ಪು ಸಿಕ್ಕಿಬಿತ್ತು. ಈಗಿನ 4ನೇ ಕ್ಲೇಮ್ 'ಹೇಳಿದ ತೂತುಗಳು' ಅನ್ನುತ್ತೆ, ಆದರೆ ಅದು ಬೆರಳು ತೋರಿಸುವ 2ರಲ್ಲಿ ಸೆನ್ಸರ್ ಇದೆ, ತೂತೇ ಇಲ್ಲ. ಇಂಥದ್ದು ಓದಿದ ಕೂಡಲೇ ಮುಗ್ಗರಿಸುತ್ತೆ, ಹಾಗಾಗಿ ಅಪಾಯ ಕಡಿಮೆ.

ಅಪಾಯ ಇದ್ದಿದ್ದು 5ರಲ್ಲಿ. 'ಕ್ಲೇಮ್ 2ರ ಯಂತ್ರದ ಡ್ರಮ್ ಒಳಗೆ ರೆಕ್ಕೆಗಳು'. ಓದಿದರೆ ಎಲ್ಲೂ ಎಡವಟ್ಟಿಲ್ಲ, ಡ್ರಮ್ 1ರಿಂದಲೇ ಬಂದಿದೆಯಲ್ಲ! ವರದಿಯಲ್ಲೂ ಇದರ ಸುದ್ದಿ ಇರಲಿಲ್ಲ. ಅವಲಂಬಿತ ಕ್ಲೇಮ್ ತಾನು ಹೆಸರಿಸಿದ ಕ್ಲೇಮಿನ ಎಲ್ಲ ಭಾಗಗಳನ್ನೂ ಹೊತ್ತುಕೊಂಡು ಬರುತ್ತೆ. ಅಂದರೆ ರೆಕ್ಕೆಗಳಿಗೆ ಸೆನ್ಸರ್ ಗಂಟುಬಿತ್ತು. ಹೀಗೇ ಮಂಜೂರಾಗಿ, ಮುಂದೆ ಹಳೆಯ ಯಾವುದೋ ಯಂತ್ರ ತೋರಿಸಿ ಯಾರಾದರೂ 1ನ್ನು ಬೀಳಿಸಿದರೆ, ಸೆನ್ಸರ್ ಇಲ್ಲದೆ ರೆಕ್ಕೆ ಹಾಕಿ ಮಾರುವವನ ಮೇಲೆ 5ನೇ ಕ್ಲೇಮ್ ಬೀಳೋದೇ ಇಲ್ಲ. 1 ಬಿದ್ದ ಮೇಲೆ ತಿದ್ದೋಣ ಅಂದರೆ ಕಷ್ಟವಾಗಬಹುದು, ಯಾಕಂದರೆ ಪೇಟೆಂಟ್ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೊದಲಿದ್ದ ಕ್ಲೇಮುಗಳ ವ್ಯಾಪ್ತಿ ಮೀರಿ ತಿದ್ದುವ ಹಾಗಿಲ್ಲ. ನಮಗೆ ಮಂಜೂರಾತಿಗೆ ಮುಂಚೆಯೇ ಕಂಡಿದ್ದು ಪುಣ್ಯ.

ನಿಮ್ಮ ಕರಡು ಬಂದಾಗ ಕೊನೆಯ ಕ್ಲೇಮಿನಿಂದ ಹಿಂದಕ್ಕೆ ಓದಿ. ಅವಲಂಬಿತ ಕ್ಲೇಮ್ ಪ್ರತಿಯೊಂದೂ ತನಗಿಂತ ಚಿಕ್ಕ ನಂಬರನ್ನೇ ಹೆಸರಿಸಬೇಕು. 'ಹೇಳಿದ' ಅಂತ ಬಂದ ವಸ್ತು ಆ ಮೇಲಿನ ಸರಪಳಿಯಲ್ಲಿ ಎಲ್ಲಾದರೂ ಮೊದಲು ಬಂದಿರಬೇಕು. ಆಮೇಲೆ ಒಂದು ಹಾಳೆ ಮೇಲೆ ಯಾವುದು ಯಾವುದಕ್ಕೆ ನೇತಾಡುತ್ತೆ ಅಂತ ಗೆರೆ ಎಳೆದು, ಈ ಭಾಗಕ್ಕೆ ಅದು ನಿಜವಾಗಿ ಬೇಕಾ ಅಂತ ಯಂತ್ರ ಮಾಡಿದವರನ್ನೇ ಕೇಳಿ. ರೆಕ್ಕೆಯ ತಪ್ಪನ್ನು ಹಿಡಿದಿದ್ದು ಭಾವನೇ, ನಾನಲ್ಲ.

ವರ್ಡ್‌ನಲ್ಲಿ ನಂಬರನ್ನು ಕೈಯಲ್ಲಿ ಟೈಪ್ ಮಾಡಿದ್ದಾರಾ, `Cross-reference` ಹಾಕಿದ್ದಾರಾ ಅಂತಲೂ ಕೇಳಿ. ಹಾಕಿದ್ದರೂ ಅದು ತಾನಾಗೇ ಬದಲಾಗಲ್ಲ, `Ctrl+A` ಒತ್ತಿ `F9` ಒತ್ತಬೇಕು. ಇನ್ನೊಂದು, ಅವರದೇ ತಪ್ಪು ತಿದ್ದೋಕೆ ನಮ್ಮ ಹತ್ತಿರ ಮತ್ತೆ ಫೀಸ್ ಕೇಳಿದರು. ನಂಬರ್ ತಪ್ಪಿದರೆ ತಿದ್ದುಪಡಿಯ ಖರ್ಚು ಯಾರದು ಅಂತ ಮೊದಲೇ ಬರೆಸಿಕೊಳ್ಳಿ.